88 ರಿಂದ 92: ಸಿಒಪಿಡಿ ಜೋರಾದಾಗ ಆಕ್ಸಿಜನ್ ಎಷ್ಟು ಕೊಡಬೇಕು, ಜಾಸ್ತಿಯಾದರೆ ಏನಾಗುತ್ತೆ

ಕೊರೊನಾ ಬಂದು ಹೋದ ಮೇಲೆ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಎಷ್ಟೋ ಮನೆಗಳಲ್ಲಿ ಉಳಿದುಕೊಂಡಿದೆ. ಅದರ ಜೊತೆಗೆ 94 ಎಂಬ ಸಂಖ್ಯೆಯೂ ಜನರ ತಲೆಯಲ್ಲಿ ಉಳಿದುಕೊಂಡಿದೆ. ಅದಕ್ಕಿಂತ ಕೆಳಗಿಳಿದರೆ ಅಪಾಯ, 98-99 ಇದ್ದರೆ ನಿಶ್ಚಿಂತೆ. ಹೆಚ್ಚಿನವರಿಗೆ ಈ ಲೆಕ್ಕ ಸರಿಯೇ. ಆದರೆ ಸಿಒಪಿಡಿ ಇರುವವರಿಗೆ ಕಾಯಿಲೆ ಜೋರಾದ ಹೊತ್ತಿನಲ್ಲಿ ಇದೇ ಲೆಕ್ಕ ಹಿಡಿದು ಆಕ್ಸಿಜನ್ ಕೊಟ್ಟರೆ ತೊಂದರೆ ಆಗಬಹುದು. ಅವರಿಗೆ ಮುಟ್ಟಬೇಕಾದ ಗುರಿ 88 ರಿಂದ 92. ಕೊರೊನಾ ಸಮಯದ ನಮ್ಮ ದೇಶದ ಚಿಕಿತ್ಸಾ ಸೂಚಿಯಲ್ಲೂ ಸಿಒಪಿಡಿ ಇರುವವರಿಗೆ 88-92 ಅಂತ ಪ್ರತ್ಯೇಕವಾಗಿ ಬರೆದಿತ್ತು. ಸುದ್ದಿಯಲ್ಲಿ 94 ಮಾತ್ರ ಓಡಾಡಿತು.

ಸಿಒಪಿಡಿ ಅಂದರೆ ವರ್ಷಗಟ್ಟಲೆ ಬೀಡಿ, ಸಿಗರೇಟು ಅಥವಾ ಸೌದೆ ಒಲೆಯ ಹೊಗೆ ಕುಡಿದು ಶ್ವಾಸನಾಳಗಳು ಕಿರಿದಾಗಿ, ಒಳಗಿನ ಗಾಳಿಗೂಡುಗಳು ಹರಿದು ಜೋತುಬಿದ್ದ ಕಾಯಿಲೆ. ದಮ್ಮು ಅಂತಲೋ ಉಬ್ಬಸ ಅಂತಲೋ ಊರಲ್ಲಿ ಕರೆಯುತ್ತಾರೆ. ನೆಗಡಿ, ಕಫ, ಹೊಗೆ, ಚಳಿ ಯಾವುದೋ ಒಂದು ನೆಪಕ್ಕೆ ಅದು ಎರಡು ಮೂರು ದಿನದಲ್ಲಿ ಒಮ್ಮೆಲೇ ಜೋರಾಗುತ್ತದೆ. ಈ ಲೇಖನ ಆ ಎರಡು ಮೂರು ದಿನದ ಬಗ್ಗೆ. ಮನೆಯವರಿಗೂ, ಆಂಬುಲೆನ್ಸ್‌ನಲ್ಲಿ ಬರುವವರಿಗೂ, ರಾತ್ರಿ ಪಾಳಿಯ ಸಿಸ್ಟರ್‌ಗಳಿಗೂ ಒಟ್ಟಿಗೇ ಬರೆಯುತ್ತಿದ್ದೇನೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕೆಡಿಸುವುದೇ ಇಲ್ಲಿ ಜಾಸ್ತಿ.

88-92 ಎಲ್ಲಿಂದ ಬಂತು

ರಕ್ತದ ಹೀಮೋಗ್ಲೋಬಿನ್ ಆಕ್ಸಿಜನ್ ತುಂಬಿಕೊಳ್ಳುವ ರೀತಿ ಒಂದೇ ಸಮನಾದ ಏರಲ್ಲ. ಮೊದಲು ಕಡಿದಾದ ಹತ್ತುದಾರಿ, ಆಮೇಲೆ ಬಯಲು. 90 ಅಂದರೆ ಹತ್ತಿ ಮುಗಿಸಿ ಬಯಲಿಗೆ ಕಾಲಿಟ್ಟ ಜಾಗ. ಅಲ್ಲಿಂದ 99ಕ್ಕೆ ಹೋದರೆ ರಕ್ತ ಹೊರುವ ಆಕ್ಸಿಜನ್ ಸುಮಾರು ಹತ್ತನೇ ಒಂದು ಪಾಲಷ್ಟೇ ಹೆಚ್ಚುತ್ತದೆ. 85ಕ್ಕಿಂತ ಕೆಳಗೆ ಮಾತ್ರ ಪ್ರತಿ ಹೆಜ್ಜೆಯೂ ಜಾರು. ಹಾಗಾಗಿ 88 ಕೆಳಗಿನ ಬೇಲಿ: ಅದಕ್ಕಿಂತ ಇಳಿದರೆ ಮಿದುಳಿಗೆ, ಹೃದಯಕ್ಕೆ ಕಷ್ಟ. 92 ಮೇಲಿನ ಬೇಲಿ: ಅದನ್ನು ದಾಟಿದರೆ ಸಿಗುವ ಲಾಭ ತೀರಾ ಕಡಿಮೆ, ಆಗುವ ನಷ್ಟ ಹೆಚ್ಚು.

ಆ ನಷ್ಟವನ್ನು ಅಳೆದು ನೋಡಿದವರು ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದವರು. ಉಸಿರಾಟದ ತೊಂದರೆ ಅಂತ ಆಂಬುಲೆನ್ಸ್ ಕರೆದ 405 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಅಲ್ಲಿಯವರೆಗಿನ ರೂಢಿಯಂತೆ ಚೀಲವಿರುವ ಮಾಸ್ಕಿನಲ್ಲಿ 8 ರಿಂದ 10 ಲೀಟರ್ ಆಕ್ಸಿಜನ್. ಇನ್ನೊಂದಕ್ಕೆ ಮೂಗಿನ ನಳಿಕೆಯಲ್ಲಿ 88-92ಕ್ಕೆ ಬೇಕಾದಷ್ಟು ಮಾತ್ರ. ಫಲಿತಾಂಶ 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಜಾಸ್ತಿ ಕೊಟ್ಟವರಲ್ಲಿ ನೂರಕ್ಕೆ ಒಂಬತ್ತು ಮಂದಿ ತೀರಿಕೊಂಡಿದ್ದರು, ಅಳೆದು ಕೊಟ್ಟವರಲ್ಲಿ ನಾಲ್ಕು. ಪರೀಕ್ಷೆಯಿಂದ ಸಿಒಪಿಡಿ ಖಚಿತವಾದವರನ್ನು ಮಾತ್ರ ತೆಗೆದುಕೊಂಡರೆ ಒಂಬತ್ತಕ್ಕೆ ಎದುರು ಎರಡು. ವ್ಯತ್ಯಾಸ ಇದ್ದದ್ದು ಹೊಸ ಔಷಧಿಯಲ್ಲಲ್ಲ, ಫ್ಲೋಮೀಟರ್‌ನ ತಿರುಪಿನಲ್ಲಿ.

ಜಾಸ್ತಿ ಆಕ್ಸಿಜನ್ ಒಳಗೆ ಏನು ಮಾಡುತ್ತೆ

ಉಸಿರಾಟಕ್ಕೆ ಎರಡು ಕೆಲಸ. ಆಕ್ಸಿಜನ್ ಒಳಗೆ ತರುವುದು ಒಂದು, ಇಂಗಾಲದ ಡೈಆಕ್ಸೈಡ್ ಹೊರಗೆ ಹಾಕುವುದು ಇನ್ನೊಂದು. ಬೆರಳಿನ ಯಂತ್ರ ಮೊದಲನೆಯದನ್ನಷ್ಟೇ ತೋರಿಸುತ್ತದೆ. ಎರಡನೆಯದು ಕೆಟ್ಟರೂ ಪರದೆಯ ಮೇಲೆ 98 ಅಂತ ಹೊಳೆಯುತ್ತಲೇ ಇರುತ್ತದೆ. ಎಡವಟ್ಟೆಲ್ಲ ಶುರುವಾಗುವುದು ಇಲ್ಲೇ.

ಒಂದು ತೋಟ ಅಂದುಕೊಳ್ಳಿ. ಕಾಲುವೆಯ ನೀರು ಗಿಡ ಇರುವ ಪಾತಿಗೆ ಹೋಗಬೇಕು, ಬರಡು ಪಾತಿಗೆ ಹೋದರೆ ದಂಡ. ಜಾಣ ತೋಟಗಾರ ಬರಡು ಪಾತಿಯ ಬಾಯಿಗೆ ಮಣ್ಣು ಹಾಕಿ ಮುಚ್ಚುತ್ತಾನೆ. ಶ್ವಾಸಕೋಶವೂ ಅದನ್ನೇ ಮಾಡುತ್ತದೆ. ಗಾಳಿ ಸರಿಯಾಗಿ ಆಡದ ಭಾಗದಲ್ಲಿ ಆಕ್ಸಿಜನ್ ಕಡಿಮೆ ಆದೊಡನೆ ಅಲ್ಲಿಯ ರಕ್ತನಾಳ ಬಿಗಿದುಕೊಂಡು, ಗಾಳಿ ಆಡುವ ಭಾಗಕ್ಕೆ ರಕ್ತವನ್ನು ತಿರುಗಿಸುತ್ತದೆ. ಸಿಒಪಿಡಿ ರೋಗಿ ಬದುಕಿರುವುದೇ ಈ ಜಾಣತನದಿಂದ. ಈಗ ಮಾಸ್ಕಿನಿಂದ ಧಾರಾಳವಾಗಿ ಆಕ್ಸಿಜನ್ ಸುರಿದರೆ ಕೆಟ್ಟ ಭಾಗಕ್ಕೂ ಒಂದಿಷ್ಟು ಆಕ್ಸಿಜನ್ ಸೇರುತ್ತದೆ. ‘ಇಲ್ಲಿ ಎಲ್ಲ ಸರಿಯಿದೆ’ ಎಂದುಕೊಂಡು ಅಲ್ಲಿಯ ರಕ್ತನಾಳ ಸಡಿಲವಾಗುತ್ತದೆ. ರಕ್ತ ಬರಡು ಪಾತಿಗೆ ಹರಿಯುತ್ತದೆ. ಅಲ್ಲಿ ಗಾಳಿಯ ಓಡಾಟವೇ ಇಲ್ಲವಾದ್ದರಿಂದ ಆ ರಕ್ತ ಹೊತ್ತು ತಂದ ಡೈಆಕ್ಸೈಡ್ ಹೊರಗೆ ಹೋಗುವುದಿಲ್ಲ. ತಿರುಗಿ ಮೈಗೇ ಬರುತ್ತದೆ.

ಎರಡನೆಯದು ಹೀಮೋಗ್ಲೋಬಿನ್‌ನ ಗುಣ. ಅದು ಆಕ್ಸಿಜನ್ ಜೊತೆಗೆ ಸ್ವಲ್ಪ ಡೈಆಕ್ಸೈಡನ್ನೂ ಹೊರುತ್ತದೆ. ಆಕ್ಸಿಜನ್ ತುಂಬಿದಷ್ಟೂ ಡೈಆಕ್ಸೈಡನ್ನು ಕೆಳಗಿಳಿಸುತ್ತದೆ. ಆರೋಗ್ಯವಂತರು ಎರಡು ಉಸಿರು ಜಾಸ್ತಿ ಎಳೆದು ಇಳಿದದ್ದನ್ನು ಹೊರಗೆ ಹಾಕುತ್ತಾರೆ. ಸಿಒಪಿಡಿ ರೋಗಿಗೆ ಆ ತಾಕತ್ತು ಉಳಿದಿರುವುದಿಲ್ಲ.

ಮೂರನೆಯದು ಎಲ್ಲರೂ ಹೇಳುವ ಕಾರಣ: ‘ಇವರಿಗೆ ಆಕ್ಸಿಜನ್ ಕೊರತೆಯೇ ಉಸಿರಾಡಿಸುವ ಚಾಟಿ, ಆಕ್ಸಿಜನ್ ಕೊಟ್ಟರೆ ಉಸಿರಾಟ ನಿಂತುಹೋಗುತ್ತೆ’. ನಾನೂ ಕಾಲೇಜಿನಲ್ಲಿ ಹೀಗೇ ಕಲಿತೆ. ಇದರಲ್ಲಿ ಸತ್ಯ ಇದೆ, ಆದರೆ ಚೂರೇ. 1980ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾಯಿಲೆ ಜೋರಾಗಿದ್ದ 22 ಜನಕ್ಕೆ ಹದಿನೈದು ನಿಮಿಷ ಶುದ್ಧ ಆಕ್ಸಿಜನ್ ಕೊಟ್ಟು ನೋಡಿದ್ದರು. ಉಸಿರಾಟದ ಪ್ರಮಾಣ ಮೊದಲು ಸ್ವಲ್ಪ ಇಳಿದರೂ ಹದಿನೈದನೇ ನಿಮಿಷದ ಹೊತ್ತಿಗೆ ಮೊದಲಿನ ನೂರಕ್ಕೆ 93ರಷ್ಟಿತ್ತು. ಆದರೂ ರಕ್ತದ ಡೈಆಕ್ಸೈಡ್ ಒತ್ತಡ ಸರಾಸರಿ 23 ಮಿ.ಮೀ. ಏರಿತ್ತು. ಅಂದರೆ ಉಸಿರು ನಿಂತು ಹೀಗಾದದ್ದಲ್ಲ, ಬಹುಪಾಲು ಮೊದಲ ಎರಡು ಕಾರಣಗಳಿಂದ.

ಇದು ಬರೀ ಪುಸ್ತಕದ ಮಾತಲ್ಲ. ‘ಚಾಟಿ’ ಸಿದ್ಧಾಂತವನ್ನು ಗಟ್ಟಿಯಾಗಿ ನಂಬಿದವರು ಎರಡು ತಪ್ಪು ಮಾಡುತ್ತಾರೆ. ರೋಗಿ ನಿಮಿಷಕ್ಕೆ ಮೂವತ್ತು ಸಲ ಉಸಿರಾಡುತ್ತಿದ್ದಾನೆ, ಹಾಗಾಗಿ ಡೈಆಕ್ಸೈಡ್ ಏರಿಲ್ಲ ಅಂದುಕೊಳ್ಳುತ್ತಾರೆ. ಅಥವಾ ಹೆದರಿ 75 ಇರುವವರಿಗೂ ಆಕ್ಸಿಜನ್ ಕೊಡದೆ ಕೂರಿಸುತ್ತಾರೆ. ಎರಡನೆಯ ತಪ್ಪು ಇನ್ನೂ ಕೆಟ್ಟದ್ದು. ಆಕ್ಸಿಜನ್ ಕೊರತೆ ನಿಮಿಷಗಳಲ್ಲಿ ಕೊಲ್ಲುತ್ತದೆ, ಡೈಆಕ್ಸೈಡ್ ಗಂಟೆಗಳಲ್ಲಿ. ಕೊಡಲೇಬೇಕು, ಅಳೆದು ಕೊಡಬೇಕು.

ಮನೆಯಲ್ಲಿ, ಆಂಬುಲೆನ್ಸ್ ಬರುವವರೆಗೆ

ಮೊದಲು 108ಕ್ಕೆ ಕರೆ ಮಾಡಿ. ಆಮೇಲೆ ಉಳಿದದ್ದು.

ರೋಗಿಯನ್ನು ಮಲಗಿಸಬೇಡಿ. ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಮೇಜು ಅಥವಾ ದಿಂಬಿನ ರಾಶಿ ಇಟ್ಟು ಮುಂದಕ್ಕೆ ಬಾಗಿ ಮೊಣಕೈ ಊರಲು ಹೇಳಿ. ಡಾಕ್ಟರ್ ತುರ್ತಿಗೆಂದು ಬರೆದುಕೊಟ್ಟ ಪಂಪಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಜೋಡಿಸಿ ಕೊಡಿ. ಸ್ಪೇಸರ್ ಇಲ್ಲದೆ ದಮ್ಮಿನಲ್ಲಿರುವವರು ಪಂಪ್ ಎಳೆದರೆ ಔಷಧಿ ನಾಲಿಗೆಗೆ ಅಂಟಿ ಮುಗಿಯುತ್ತದೆ.

ಆಕ್ಸಿಮೀಟರ್ ಹಾಕುವ ಮೊದಲು ಉಗುರಿನ ಬಣ್ಣ, ಮೆಹಂದಿ ನೋಡಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ಸಂಖ್ಯೆ ಬಂದ ತಕ್ಷಣ ಓದಬೇಡಿ. ನಾಡಿಯ ಅಲೆ ಸಮನಾಗಿ ಕುಣಿಯುವವರೆಗೆ ಅರ್ಧ ನಿಮಿಷ ಕಾಯಿರಿ. ಕಪ್ಪು ಚರ್ಮದವರಲ್ಲಿ, ಆಗತಾನೇ ಬೀಡಿ ಸೇದಿದವರಲ್ಲಿ ಈ ಯಂತ್ರ ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ಹಾಗಾಗಿ ಗಡಿಯಲ್ಲಿರುವ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ, ಮನುಷ್ಯನನ್ನೂ ನೋಡಿ.

ಇದರ ಜೊತೆಗೆ ಬೇಕಾದ ಇನ್ನೊಂದು ಸಂಖ್ಯೆ, ಅವರು ಚೆನ್ನಾಗಿದ್ದಾಗ ಎಷ್ಟಿರುತ್ತದೆ ಅನ್ನುವುದು. ಹಳೆಯ ಸಿಒಪಿಡಿಯವರಲ್ಲಿ ಎಷ್ಟೋ ಜನ ಆರಾಮಾಗಿ ಕಾಫಿ ಕುಡಿಯುತ್ತಾ ಕೂತಾಗಲೂ 90-91ರಲ್ಲೇ ಇರುತ್ತಾರೆ. ಅವರಿಗೆ 90 ಬಂತು ಅಂತ ಗಾಬರಿಯಾಗಬೇಕಿಲ್ಲ. ಯಾವಾಗಲೂ 95 ಇರುವವರು 89ಕ್ಕೆ ಬಂದರೆ ಏನೋ ಆಗಿದೆ ಅಂತ ಅರ್ಥ. ಚೆನ್ನಾಗಿರುವ ದಿನ ಒಂದೆರಡು ಸಲ ನೋಡಿ ಕ್ಯಾಲೆಂಡರ್ ಮೇಲೆ ಬರೆದಿಟ್ಟರೆ ಸಾಕು.

ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇದ್ದರೆ? ಡಾಕ್ಟರ್ ಹೇಳಿದ ಲೀಟರ್‌ನಲ್ಲೇ ಇಟ್ಟು ಐದು ನಿಮಿಷ ನೋಡಿ. 88ಕ್ಕಿಂತ ಕೆಳಗೇ ಇದ್ದರೆ ಅರ್ಧ ಅಥವಾ ಒಂದು ಲೀಟರ್ ಏರಿಸಿ ಮತ್ತೆ ಐದು ನಿಮಿಷ ನೋಡಿ. ದಮ್ಮು ಹೆಚ್ಚಾಯಿತು ಅಂತ ಒಮ್ಮೆಲೇ 5ಕ್ಕೆ ತಿರುಗಿಸಬೇಡಿ. ದಮ್ಮು ಕಟ್ಟುವುದು ಆಕ್ಸಿಜನ್ ಕಡಿಮೆಯಾಗಿ ಮಾತ್ರ ಅಲ್ಲ, ಕಿರಿದಾದ ನಾಳದಲ್ಲಿ ಗಾಳಿ ಹೊರಗೆ ಬಿಡಲಾಗದೆ ಎದೆ ಉಬ್ಬಿ ನಿಂತಾಗಲೂ ಹಾಗೇ ಆಗುತ್ತದೆ. ಅದಕ್ಕೆ ಪಂಪು, ನೆಬುಲೈಸರ್ ಮದ್ದು. ಆಕ್ಸಿಜನ್ ಅಲ್ಲ. 92 ಇದ್ದೂ ದಮ್ಮು ಇರುವವರಿಗೆ ಇನ್ನಷ್ಟು ಆಕ್ಸಿಜನ್ ಕೊಟ್ಟರೆ ದಮ್ಮು ಕಡಿಮೆಯಾಗುವುದಿಲ್ಲ.

ಆಂಬುಲೆನ್ಸ್ ಬಂದಾಗ ಮನೆಯವರು ಹೇಳಬೇಕಾದ ವಾಕ್ಯ ಒಂದೇ: ‘ಇವರಿಗೆ ಸಿಒಪಿಡಿ ಇದೆ, ಆಕ್ಸಿಜನ್ 88ರಿಂದ 92ರ ಒಳಗೆ ಇಡಬೇಕು ಅಂತ ಡಾಕ್ಟ್ರು ಹೇಳಿದ್ದಾರೆ.’ ಸಂಕೋಚ ಬೇಡ. ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಮಾಸ್ಕ್ ಹಾಕಿ ಹೊರಡುವುದು ಸಹಜ. ಈ ಒಂದು ವಾಕ್ಯ ಆ ಕೈಯನ್ನು ತಡೆಯುತ್ತದೆ.

ಆಸ್ಪತ್ರೆಯಲ್ಲಿ: ಯಾವ ಮಾಸ್ಕ್, ಎಷ್ಟು ಲೀಟರ್

ಇಲ್ಲಿ ಮೂರು ಸಾಧನ ಗೊತ್ತಿದ್ದರೆ ಸಾಕು. ಮೂಗಿನ ನಳಿಕೆ, ವೆಂಚುರಿ ಮಾಸ್ಕ್, ಚೀಲವಿರುವ ಮಾಸ್ಕ್.

ಮೂಗಿನ ನಳಿಕೆ ಎಲ್ಲ ಕಡೆ ಸಿಗುತ್ತದೆ. 1 ಲೀಟರ್ ಕೊಟ್ಟರೆ ಒಳಗೆ ಹೋಗುವ ಗಾಳಿಯಲ್ಲಿ ಆಕ್ಸಿಜನ್ ಸುಮಾರು ನೂರಕ್ಕೆ 24, 2 ಲೀಟರಿಗೆ ಸುಮಾರು 28. ‘ಸುಮಾರು’ ಅನ್ನುವುದನ್ನು ಒತ್ತಿ ಹೇಳುತ್ತೇನೆ. ರೋಗಿ ಜೋರಾಗಿ ಎಳೆದರೆ ಹೊರಗಿನ ಗಾಳಿ ಜಾಸ್ತಿ ಬೆರೆತು ಆಕ್ಸಿಜನ್ ತೆಳ್ಳಗಾಗುತ್ತದೆ. ನಿದ್ದೆಗೆ ಜಾರಿ ಉಸಿರು ಸಣ್ಣದಾದರೆ ಅದೇ 2 ಲೀಟರ್ ಗಟ್ಟಿಯಾಗುತ್ತದೆ. ಜಾಸ್ತಿ ಬೇಡವಾದ ಹೊತ್ತಿನಲ್ಲೇ ಜಾಸ್ತಿ ಸಿಗುತ್ತದೆ ಅಂದಹಾಗಾಯಿತು.

ವೆಂಚುರಿ ಮಾಸ್ಕ್ ಹುಟ್ಟಿದ್ದೇ ಈ ತಾಪತ್ರಯಕ್ಕೆ. ಇದೇ ರೋಗಿಗಳಿಗಾಗಿ ಕ್ಯಾಂಪ್‌ಬೆಲ್ ಎಂಬ ವೈದ್ಯ 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನು ವಿವರಿಸಿದ್ದರು. ಮಾಸ್ಕಿನ ಬುಡದಲ್ಲಿ ಬಣ್ಣದ ಒಂದು ತುಂಡು ಇರುತ್ತದೆ. ಸಣ್ಣ ತೂತಿನಿಂದ ಆಕ್ಸಿಜನ್ ರಭಸವಾಗಿ ಚಿಮ್ಮಿದಾಗ ಪಕ್ಕದ ಕಿಂಡಿಗಳಿಂದ ಹೊರಗಿನ ಗಾಳಿ ಎಳೆದುಕೊಂಡು ಬಂದು ಲೆಕ್ಕದ ಪ್ರಮಾಣದಲ್ಲಿ ಬೆರೆಯುತ್ತದೆ. ನೀಲಿ ತುಂಡು 24, ಬಿಳಿ 28. ಅದಕ್ಕೆ ಬೇಕಾದ ಲೀಟರ್ ತುಂಡಿನ ಮೇಲೇ ಬರೆದಿರುತ್ತದೆ. ಸಾಮಾನ್ಯವಾಗಿ ನೀಲಿಗೆ 2, ಬಿಳಿಗೆ 4. ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗಬಹುದು, ಆದ್ದರಿಂದ ಓದಿಯೇ ಹಾಕಿ.

ವಾರ್ಡಿನಲ್ಲಿ ಇದರ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಲೀಟರ್ ಏರಿಸಿದರೆ ಆಕ್ಸಿಜನ್ ಪ್ರಮಾಣ ಏರುತ್ತೆ ಅಂತ. ವೆಂಚುರಿಯಲ್ಲಿ ಹಾಗಾಗುವುದಿಲ್ಲ. ಪ್ರಮಾಣ ತೀರ್ಮಾನಿಸುವುದು ತುಂಡು, ಲೀಟರ್ ಅಲ್ಲ. ಬದಲಿಗೆ ರೋಗಿ ನಿಮಿಷಕ್ಕೆ ಮೂವತ್ತಕ್ಕಿಂತ ಜಾಸ್ತಿ ಸಲ ಉಸಿರಾಡುತ್ತಿದ್ದರೆ ಬರೆದ ಲೀಟರಿಗಿಂತ ಅರ್ಧದಷ್ಟು ಜಾಸ್ತಿ ಕೊಡಬೇಕು. 4 ಇದ್ದಲ್ಲಿ 6. ಆಗ ಒಟ್ಟು ಗಾಳಿ ಸಾಕಷ್ಟು ಸಿಗುತ್ತದೆ, ಪ್ರಮಾಣ 28ರಲ್ಲೇ ಇರುತ್ತದೆ. ಇನ್ನೊಂದು ಮಾತು: ಹೊದಿಕೆ ಆ ಕಿಂಡಿಗಳ ಮೇಲೆ ಬಿದ್ದು ಮುಚ್ಚಿದರೆ ಬೆರಕೆಯ ಲೆಕ್ಕ ಕೆಡುತ್ತದೆ. ಚಳಿ ಅಂತ ಶಾಲನ್ನು ಗಲ್ಲದವರೆಗೆ ಎಳೆದುಕೊಂಡವರಲ್ಲಿ ಇದನ್ನು ನೋಡಿದ್ದೇನೆ.

ಚೀಲವಿರುವ ಮಾಸ್ಕ್ ಈ ರೋಗಿಗಳಿಗೆ ಮಾಮೂಲಿ ಅಲ್ಲ. ಹೃದಯ ನಿಂತಾಗ, ರಕ್ತದೊತ್ತಡ ಕುಸಿದಾಗ, ಇಂಗಾಲದ ಮಾನಾಕ್ಸೈಡ್ ವಿಷ ಏರಿದಾಗ, ಜೀವ ಹೋಗುವ ಹಾಗಿರುವ ಯಾವುದೇ ಸ್ಥಿತಿಯಲ್ಲಿ ಸಿಒಪಿಡಿ ಇದ್ದರೂ ಮೊದಲು ಅದೇ. ಆದರೆ ಸ್ಥಿತಿ ಹಿಡಿತಕ್ಕೆ ಬಂದ ಕೂಡಲೇ ಇಳಿಸಬೇಕು. ಹಾಕಿದವರು ಪಾಳಿ ಮುಗಿಸಿ ಹೋಗಿ, ಬೆಳಗಿನವರೆಗೂ ಅದೇ ಉಳಿಯುವುದು ನಿಜವಾದ ಅಪಾಯ.

ಹೀಗಿರಲಿ ಕ್ರಮ. 28ರ ವೆಂಚುರಿ ಅಥವಾ ನಳಿಕೆಯಲ್ಲಿ 1-2 ಲೀಟರಿನಿಂದ ಶುರು ಮಾಡಿ. ಹಿಂದೆ ಡೈಆಕ್ಸೈಡ್ ಏರಿದ ಚರಿತ್ರೆ ಇದ್ದರೆ 24. ಪ್ರತಿ ಬದಲಾವಣೆಯ ನಂತರ ಐದು ನಿಮಿಷ ಯಂತ್ರ ನೋಡಿ. 88ಕ್ಕಿಂತ ಕಡಿಮೆ ಇದ್ದರೆ ಒಂದು ಮೆಟ್ಟಿಲು ಮೇಲೆ, 92 ದಾಟಿದರೆ ಒಂದು ಮೆಟ್ಟಿಲು ಕೆಳಗೆ. ಕೇಸ್ ಶೀಟಿನಲ್ಲಿ ‘ಆಕ್ಸಿಜನ್ 4 ಲೀಟರ್’ ಅಂತ ಬರೆಯಬೇಡಿ. ‘ಗುರಿ 88-92’ ಅಂತ ಬರೆಯಿರಿ. ಲೀಟರ್ ಬರೆದರೆ ಸಿಸ್ಟರ್ ಲೀಟರ್ ಕಾಯುತ್ತಾರೆ, ಗುರಿ ಬರೆದರೆ ರೋಗಿಯನ್ನು ಕಾಯುತ್ತಾರೆ.

ಜೊತೆಗೆ ಎಬಿಜಿ, ಅಂದರೆ ಮಣಿಕಟ್ಟಿನ ಧಮನಿಯಿಂದ ತೆಗೆದ ರಕ್ತದ ಪರೀಕ್ಷೆ. ಡೈಆಕ್ಸೈಡ್ ಎಷ್ಟಿದೆ ಅಂತ ಖಚಿತವಾಗಿ ಹೇಳುವುದು ಇದು. ಬಂದ ಕೂಡಲೇ ಒಮ್ಮೆ, ಆಕ್ಸಿಜನ್ ಏರಿಸಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮತ್ತೊಮ್ಮೆ. ಮೊದಲ ಪರೀಕ್ಷೆಯಲ್ಲಿ ಡೈಆಕ್ಸೈಡ್ ಮಾಮೂಲಿ ಇದ್ದರೆ ಗುರಿಯನ್ನು 94-98ಕ್ಕೆ ಏರಿಸಬಹುದು ಅಂತ ಬ್ರಿಟಿಷ್ ಥೊರಾಸಿಕ್ ಸೊಸೈಟಿಯ 2017ರ ಸೂಚಿ ಹೇಳುತ್ತದೆ. ನಾನು ಏರಿಸುವುದಿಲ್ಲ. ಡೈಆಕ್ಸೈಡ್ ಮಾಮೂಲಿ ಇದ್ದವರಲ್ಲೂ 92 ದಾಟಿದಾಗ ಸಾವು ಹೆಚ್ಚು ಅಂತ 2021ರಲ್ಲಿ ಬ್ರಿಟನ್ನಿನ ಸಾವಿರ ರೋಗಿಗಳ ಲೆಕ್ಕ ಬಂದಿದೆ. ಅದಕ್ಕಿಂತ ಮುಖ್ಯವಾಗಿ, ರಾತ್ರಿ ಪಾಳಿಯಲ್ಲಿ ಒಂದು ಗುರಿ ಇದ್ದರೆ ಜನ ಪಾಲಿಸುತ್ತಾರೆ, ಎರಡಿದ್ದರೆ ಗೊಂದಲ.

ನೆಬುಲೈಸರ್ ಮೂಲಕ ನುಸುಳುವ ಆಕ್ಸಿಜನ್

ಇದು ಎಲ್ಲರೂ ಮರೆಯುವ ಬಾಗಿಲು. ವಾರ್ಡಿನಲ್ಲಿ ನೆಬುಲೈಸರ್ ಕಪ್ಪನ್ನು ಗೋಡೆಯ ಆಕ್ಸಿಜನ್‌ಗೆ ಸಿಕ್ಕಿಸಿ 6-8 ಲೀಟರ್ ಬಿಡುವುದು ರೂಢಿ. ಹಾಗೆ ಬಿಟ್ಟರೆ ಔಷಧಿಯ ಜೊತೆ ಆಕ್ಸಿಜನ್ನೂ ಧಾರಾಳವಾಗಿ ಒಳಗೆ ಹೋಗುತ್ತದೆ. ಕಷ್ಟಪಟ್ಟು 90ರಲ್ಲಿ ನಿಲ್ಲಿಸಿದವರು ಹತ್ತು ನಿಮಿಷದಲ್ಲಿ 99. ದಿನಕ್ಕೆ ಆರು ಸಲ ನೆಬುಲೈಸ್ ಮಾಡಿದರೆ ಆರು ಸಲವೂ ಇದೇ ಕಥೆ.

ಪರಿಹಾರ ಸುಲಭ. ಮನೆಯಲ್ಲಿ ಬಳಸುವ ಕರೆಂಟಿನ ನೆಬುಲೈಸರ್ ಸಾಮಾನ್ಯ ಗಾಳಿಯನ್ನೇ ಊದುತ್ತದೆ. ವಾರ್ಡಿನಲ್ಲೂ ಅದನ್ನೇ ಇಟ್ಟುಕೊಳ್ಳಿ. ಅದು ಓಡುವಾಗ ಮೂಗಿನ ನಳಿಕೆಯಲ್ಲಿ 1-2 ಲೀಟರ್ ಆಕ್ಸಿಜನ್ ಮುಂದುವರಿಸಿ. ಆಂಬುಲೆನ್ಸ್‌ನಲ್ಲಿ ಬೇರೆ ದಾರಿ ಇಲ್ಲ, ಆಕ್ಸಿಜನ್‌ನಿಂದಲೇ ಊದಬೇಕು ಅಂದರೆ ಆರು ನಿಮಿಷಕ್ಕೆ ನಿಲ್ಲಿಸಿ. ಅಷ್ಟರಲ್ಲಿ ಔಷಧಿಯ ಬಹುಪಾಲು ಒಳಗೆ ಹೋಗಿರುತ್ತದೆ.

ಒಬ್ಬ ಅಜ್ಜನ ರಾತ್ರಿ

ಇದು ಒಬ್ಬರದ್ದಲ್ಲ, ನೋಡಿದ ಹಲವರನ್ನು ಸೇರಿಸಿ ಮಾಡಿದ ಒಂದು ರಾತ್ರಿ. ಕರಾವಳಿಯ ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅಜ್ಜ, ವಯಸ್ಸು 68, ನಲವತ್ತು ವರ್ಷ ಬೀಡಿ. ಜುಲೈ ಮಳೆ. ಮೂರು ದಿನದಿಂದ ಕಫ ಹಸಿರು ಬಣ್ಣಕ್ಕೆ ತಿರುಗಿ ದಮ್ಮು ಏರಿದೆ. ರಾತ್ರಿ ಹನ್ನೊಂದಕ್ಕೆ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಬಂದಾಗ ಆಕ್ಸಿಮೀಟರ್‌ನಲ್ಲಿ 79, ಉಸಿರು ನಿಮಿಷಕ್ಕೆ 32. ಗಾಬರಿಯಲ್ಲಿ ಚೀಲದ ಮಾಸ್ಕ್, 10 ಲೀಟರ್. ಹತ್ತು ನಿಮಿಷದಲ್ಲಿ 99. ಎಲ್ಲರಿಗೂ ನಿರಾಳ.

ಮುಕ್ಕಾಲು ಗಂಟೆಯ ನಂತರ ಅಜ್ಜ ಮಲಗಿದ್ದಾರೆ. ‘ಮೂರು ರಾತ್ರಿಯಿಂದ ನಿದ್ದೆ ಇರಲಿಲ್ಲ, ಈಗ ಚೆನ್ನಾಗಿ ನಿದ್ದೆ ಬಂದಿದೆ ಡಾಕ್ಟ್ರೇ’ ಅಂತ ಮಗ ಹೇಳುತ್ತಾರೆ. ಪರದೆಯಲ್ಲಿ ಇನ್ನೂ 99. ಆದರೆ ಉಸಿರು 14ಕ್ಕೆ ಇಳಿದಿದೆ. ಅಂಗೈ ಬೆಚ್ಚಗೆ, ಕೆಂಪಗೆ. ನಾಡಿ ಕೈಗೆ ಬಡಿಯುವಷ್ಟು ಜೋರು. ಕೂಗಿದರೆ ಕಣ್ಣು ತೆರೆದು ಏನೋ ಗೊಣಗಿ ಮತ್ತೆ ಮುಚ್ಚುತ್ತಾರೆ. ಕೈ ಚಾಚಿ ಹಿಡಿಯಲು ಹೇಳಿದರೆ ಮಣಿಕಟ್ಟು ಹಕ್ಕಿ ರೆಕ್ಕೆ ಬಡಿದಂತೆ ಜೋಲುತ್ತದೆ. ಇದು ನಿದ್ದೆಯಲ್ಲ, ಡೈಆಕ್ಸೈಡಿನ ಅಮಲು. ಎಚ್ಚರ ಇದ್ದಿದ್ದರೆ ತಲೆನೋವು ಅಂದಿರುತ್ತಿದ್ದರು.

ಎಬಿಜಿ ಬಂತು. ಡೈಆಕ್ಸೈಡ್ 88, ಮಾಮೂಲಿ ಇರಬೇಕಾದದ್ದು 35 ರಿಂದ 45. ಇಳಿದಷ್ಟೂ ರಕ್ತ ಹುಳಿಯಾಗಿದೆ ಅಂತ ಹೇಳುವ ಪಿಎಚ್ 7.21, ಇರಬೇಕಾದದ್ದು 7.35ಕ್ಕಿಂತ ಮೇಲೆ. ಆ ಹುಳಿ ತಗ್ಗಿಸುವ ಬೈಕಾರ್ಬೊನೇಟ್ 34. ಈ ಕೊನೆಯ ಸಂಖ್ಯೆ ಒಂದು ಗುಟ್ಟು ಹೇಳುತ್ತದೆ. ಮೂತ್ರಪಿಂಡ ಅದನ್ನು ಅಷ್ಟು ಏರಿಸಲು ದಿನಗಳು ಬೇಕು. ಅಂದರೆ ಅಜ್ಜನಿಗೆ ಡೈಆಕ್ಸೈಡ್ ಮೊದಲಿನಿಂದಲೂ ಸ್ವಲ್ಪ ಜಾಸ್ತಿಯೇ ಇತ್ತು, ಈ ರಾತ್ರಿ ಅದರ ಮೇಲೆ ಇನ್ನಷ್ಟು ಏರಿದೆ.

ಈಗ ಎಲ್ಲರ ಕೈಯೂ ಮಾಸ್ಕ್ ಕಿತ್ತುಹಾಕಲು ಹೋಗುತ್ತದೆ. ಇಲ್ಲೇ ನಿಲ್ಲಬೇಕು. ಯಾಕೆ ಅಂತ ಸಣ್ಣ ಲೆಕ್ಕ ಹಾಕೋಣ. ಸಮುದ್ರಮಟ್ಟದಲ್ಲಿ ನಾವು ಒಳಗೆಳೆಯುವ ಗಾಳಿಯ ಆಕ್ಸಿಜನ್ ಒತ್ತಡ ಸುಮಾರು 150. ಗಾಳಿಗೂಡಿನಲ್ಲಿ ಡೈಆಕ್ಸೈಡ್ ಜಾಗ ಹಿಡಿದಷ್ಟೂ ಆಕ್ಸಿಜನ್‌ಗೆ ಜಾಗ ಕಡಿಮೆ. ಡೈಆಕ್ಸೈಡನ್ನು 0.8ರಿಂದ ಭಾಗಿಸಿ 150ರಿಂದ ಕಳೆಯಬೇಕು. ಅಜ್ಜ ಬಂದಾಗ ಡೈಆಕ್ಸೈಡ್ 62 ಇತ್ತು ಅಂದುಕೊಳ್ಳಿ: 150ರಿಂದ 78 ಕಳೆದರೆ 72 ಉಳಿಯಿತು. ಈಗ 88 ಇದೆ: 150ರಿಂದ 110 ಕಳೆದರೆ ಬರೀ 40. ಮಾಸ್ಕ್ ತೆಗೆದರೆ ಆಕ್ಸಿಜನ್ ಒಂದೆರಡು ನಿಮಿಷದಲ್ಲಿ ಖಾಲಿಯಾಗುತ್ತದೆ, ಮೈಯಲ್ಲಿ ಶೇಖರವಾದ ಡೈಆಕ್ಸೈಡ್ ಹೋಗಲು ಅದಕ್ಕಿಂತ ಎಷ್ಟೋ ಹೊತ್ತು ಬೇಕು. ಹಾಗಾಗಿ ಅಜ್ಜ ಬಂದಾಗಿನ 79ಕ್ಕೆ ಮರಳುವುದಿಲ್ಲ, ಅದಕ್ಕಿಂತ ಬಹಳ ಕೆಳಗೆ ಬೀಳುತ್ತಾರೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಾದರೆ ಆ 150ರಲ್ಲೇ ಇನ್ನೂ ಹದಿನೈದರಷ್ಟು ಕಡಿಮೆ. ಲೆಕ್ಕ ಇನ್ನೂ ಕೆಟ್ಟದಾಗುತ್ತದೆ.

ಆದ್ದರಿಂದ ಕಿತ್ತುಹಾಕುವುದಲ್ಲ, ಇಳಿಸುವುದು. ಅಜ್ಜನಿಗೆ 28ರ ವೆಂಚುರಿ ಹಾಕಿದರು. ಅದೇ ಲೆಕ್ಕದಲ್ಲಿ ಈಗ 200ರಿಂದ 110 ಕಳೆದು 90 ಉಳಿಯುತ್ತದೆ, ತಡೆದುಕೊಳ್ಳಬಹುದು. ಪರದೆಯಲ್ಲಿ 99 ಇದ್ದದ್ದು ಕೆಲವೇ ನಿಮಿಷದಲ್ಲಿ 90ಕ್ಕೆ ಬಂದು ನಿಂತಿತು. ಮಗ ಗಾಬರಿಯಾದರು, ‘ಕಡಿಮೆಯಾಯ್ತಲ್ವಾ!’ ಅಂದರು. ಅವರನ್ನು ಕೂರಿಸಿ ಐದು ನಿಮಿಷ ವಿವರಿಸಬೇಕಾಯಿತು. ವಿವರಿಸದೆ ಹೋದರೆ ನಾವು ಅತ್ತ ತಿರುಗಿದಾಗ ಮನೆಯವರೇ ತಿರುಪು ತಿರುಗಿಸಿಬಿಡುತ್ತಾರೆ. ತಪ್ಪು ಅವರದ್ದಲ್ಲ.

ಪಿಎಚ್ 7.35ಕ್ಕಿಂತ ಕೆಳಗೆ, ಡೈಆಕ್ಸೈಡ್ 45ಕ್ಕಿಂತ ಮೇಲೆ ಇದ್ದರೆ ಬೈಪ್ಯಾಪ್ ಯಂತ್ರದ ಬಗ್ಗೆ ಯೋಚಿಸಬೇಕು. ಬಿಗಿಯಾದ ಮಾಸ್ಕಿನ ಮೂಲಕ ಉಸಿರೆಳೆಯುವಾಗ ಜಾಸ್ತಿ ಒತ್ತಡ, ಬಿಡುವಾಗ ಕಡಿಮೆ ಒತ್ತಡ ಕೊಟ್ಟು ಅದು ದಣಿದ ಸ್ನಾಯುಗಳ ಕೆಲಸ ಹಂಚಿಕೊಳ್ಳುತ್ತದೆ. ಡೈಆಕ್ಸೈಡನ್ನು ಹೊರಗೆ ತಳ್ಳುವುದು ಇದೇ, ಆಕ್ಸಿಜನ್ ಅಲ್ಲ. ಅಜ್ಜನಿಗೆ ಆ ಒತ್ತಡಗಳನ್ನು 12 ಮತ್ತು 5ರಲ್ಲಿ ಶುರು ಮಾಡಿ, ಎದೆ ಚೆನ್ನಾಗಿ ಏಳುವುದನ್ನು ನೋಡಿಕೊಂಡು ಮೇಲಿನದನ್ನು 18ರವರೆಗೆ ಏರಿಸಿದರು. ಅಷ್ಟು ಮಂಪರಿನಲ್ಲಿದ್ದವರಿಗೆ ಪಕ್ಕದಲ್ಲೇ ಒಬ್ಬರು ನಿಂತಿರಬೇಕು. ವಾಂತಿ ಬಂದರೆ, ಉಸಿರು ಇನ್ನೂ ಸೋತರೆ, ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಹೋಗಲು ತಯಾರಿರಬೇಕು. ಅದಿಲ್ಲದ ಕಡೆ ಬೇಗ ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ದಾರಿಯಲ್ಲೂ 88-92. ಜೊತೆಗೆ ಗಾಳಿಯಿಂದ ಊದಿದ ಸಾಲ್ಬುಟಮಾಲ್ ಮತ್ತು ಇಪ್ರಾಟ್ರೋಪಿಯಂ, ಸ್ಟಿರಾಯ್ಡ್, ಕಫ ಹಸಿರಾಗಿದ್ದರಿಂದ ಆಂಟಿಬಯಾಟಿಕ್.

ಒಂದು ಗಂಟೆಗೆ ಡೈಆಕ್ಸೈಡ್ 72, ಪಿಎಚ್ 7.29. ನಾಲ್ಕು ಗಂಟೆಗೆ 64, ಪಿಎಚ್ 7.34. ಬೆಳಕು ಹರಿಯುವ ಹೊತ್ತಿಗೆ ಅಜ್ಜ ಕಣ್ಣು ಬಿಟ್ಟು ಮಾಸ್ಕ್ ತೆಗೆಯಿರಿ, ಚಹಾ ಬೇಕು ಅಂದರು. ಮೊದಲ ಗಂಟೆಯಲ್ಲಿ ಪಿಎಚ್ ಏರುತ್ತಿದೆಯಾ ಅನ್ನುವುದೇ ಇಲ್ಲಿ ನೋಡಬೇಕಾದದ್ದು. ಡೈಆಕ್ಸೈಡ್ ಪೂರ್ತಿ 45ಕ್ಕೆ ಇಳಿಯಲಿ ಅಂತ ಕಾಯಬೇಡಿ. ಅಜ್ಜನ ಮಾಮೂಲಿಯೇ ಅದಕ್ಕಿಂತ ಮೇಲೆ.

ಮನೆಗೆ ಕಳಿಸುವಾಗ

ಒಮ್ಮೆ ಡೈಆಕ್ಸೈಡ್ ಏರಿದವರಿಗೆ ಮುಂದಿನ ಸಲವೂ ಏರುವ ಸಾಧ್ಯತೆ ಜಾಸ್ತಿ. ಬ್ರಿಟನ್ನಿನಲ್ಲಿ ಇಂಥವರಿಗೆ ಆಕ್ಸಿಜನ್ ಅಲರ್ಟ್ ಕಾರ್ಡ್ ಮತ್ತು ಅವರದ್ದೇ ವೆಂಚುರಿ ಮಾಸ್ಕ್ ಕೊಟ್ಟು ಕಳಿಸುತ್ತಾರೆ. ನಮ್ಮಲ್ಲೂ ಇದನ್ನು ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಡಿಸ್ಚಾರ್ಜ್ ಫೈಲಿನ ಮೇಲಿನ ರಟ್ಟಿನ ಮೇಲೇ ದಪ್ಪ ಪೆನ್ನಿನಿಂದ ಐದು ಸಾಲು ಸಾಕು: ಸಿಒಪಿಡಿ ಇದೆ, ಡೈಆಕ್ಸೈಡ್ ಏರಿತ್ತು, ಗುರಿ 88-92, 24ರ ವೆಂಚುರಿಯಿಂದ ಶುರು ಮಾಡಿ, ನೆಬುಲೈಸರ್ ಗಾಳಿಯಿಂದ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ, ಯಾರ ಕೈಗೆ ಹೋಗುತ್ತೋ ಗೊತ್ತಿಲ್ಲ. ಒಳಗಿನ ಡಿಸ್ಚಾರ್ಜ್ ಸಮರಿಯ ಮೂರನೇ ಪುಟದಲ್ಲಿ ಬರೆದದ್ದನ್ನು ರಾತ್ರಿ ಹನ್ನೊಂದಕ್ಕೆ ಯಾರೂ ಓದುವುದಿಲ್ಲ.

ಮನೆಗೆ ಆಕ್ಸಿಜನ್ ಬೇಕೋ ಬೇಡವೋ ಅನ್ನುವುದನ್ನು ಡಿಸ್ಚಾರ್ಜ್ ದಿನವೇ ಖಾಯಂ ಮಾಡಬೇಡಿ. ಜೋರು ಇಳಿದು ಕೆಲವು ವಾರ ಕಳೆದ ಮೇಲೆ ಮತ್ತೆ ಪರೀಕ್ಷಿಸಿದರೆ ಎಷ್ಟೋ ಜನಕ್ಕೆ ಬೇಕಾಗುವುದೇ ಇಲ್ಲ.

ಅಜ್ಜನ ಮಗ ವೆಂಚುರಿ ಮಾಸ್ಕನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಫೈಲಿನ ಜೊತೆ ರಬ್ಬರ್ ಬ್ಯಾಂಡ್ ಸುತ್ತಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದಾರೆ. ಮುಂದಿನ ಮಳೆಗಾಲಕ್ಕೆ ಮತ್ತೆ ದಮ್ಮು ಏರಿದಾಗ ಆಂಬುಲೆನ್ಸ್‌ನವರ ಕೈಗೆ ಮೊದಲು ಕೊಟ್ಟದ್ದು ಅದನ್ನೇ. ಅಜ್ಜ ಆಸ್ಪತ್ರೆಗೆ ಬಂದು ಇಳಿದಾಗ ಯಂತ್ರದಲ್ಲಿ 89 ಇತ್ತು, ಮಾತಾಡುತ್ತಿದ್ದರು.